ವಿಷಯ: ಬಾಡಿಗೆ ಮನೆಯ ಕರೆಂಟ್ ಮತ್ತು ನಳದ ಸಂಪರ್ಕ ನನ್ನ ಹೆಸರಿಗೆ ಮಾಡಿಕೊಳ್ಳಲು ಮಾಲೀಕರ ಯಾವ ಕಾಗದಪತ್ರ ಬೇಕು

ಬೆಟಗೇರಿ
10 ಜೂನ್ 2025

ಇವರಿಗೆ,
ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್, ಹೆಸ್ಕಾಂ, ಗದಗ
ಪೌರಾಯುಕ್ತರು, ಗದಗ-ಬೆಟಗೇರಿ ನಗರಸಭೆ (ನೀರು ಸರಬರಾಜು ವಿಭಾಗ)

ಮಾನ್ಯರೇ,

ನಾನು ಬೆಟಗೇರಿಯಲ್ಲಿ ಶಾಂತಮ್ಮನವರ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಈಗ 5 ವರ್ಷಕ್ಕೆ ಕರಾರು ಪತ್ರ ಮಾಡಿಸಿ, ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಿದೆ. ಕರೆಂಟ್ ಬಿಲ್ಲು, ನಳದ ಬಿಲ್ಲು ಎರಡನ್ನೂ ನಾನೇ ಕಟ್ಟುತ್ತಿದ್ದೇನೆ, ಬಾಕಿ ಏನೂ ಇಲ್ಲ. ಅವೆರಡನ್ನೂ ನನ್ನ ಹೆಸರಿಗೆ ಮಾಡಿಕೊಳ್ಳಲು ಶಾಂತಮ್ಮನವರು ಒಪ್ಪಿದ್ದಾರೆ.

ತೊಡಕು ಇರುವುದು ಒಂದು ಕಡೆ. ಎರಡೂ ಬಿಲ್ಲಿನ ಮೇಲೆ ಇವತ್ತಿಗೂ ಶಾಂತಮ್ಮನವರ ಯಜಮಾನರ ಹೆಸರೇ ಬರುತ್ತಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಮನೆಯ ಉತಾರ ಮಾತ್ರ ಆಗಲೇ ಶಾಂತಮ್ಮನವರ ಹೆಸರಿಗೆ ಬಂದಿದೆ. ಹಾಗಾಗಿ ಮೊದಲು ಅವರ ಹೆಸರಿಗೆ ಮಾಡಿಸಿ ಆಮೇಲೆ ನನ್ನ ಹೆಸರಿಗೆ ಮಾಡಿಸಬೇಕೋ, ಇಲ್ಲ ನೇರವಾಗಿ ನನ್ನ ಹೆಸರಿಗೆ ಆಗುತ್ತದೋ ತಿಳಿಸಿ. ನೇರವಾಗಿ ಆಗುವುದಾದರೆ ಯಜಮಾನರ ಮರಣ ಪ್ರಮಾಣಪತ್ರ, ಉತಾರ, ಈ ವರ್ಷದ ಮನೆ ತೆರಿಗೆ ರಸೀದಿ, ಮಾಲೀಕರ ಆಧಾರ್ ಮತ್ತು ಒಪ್ಪಿಗೆ ಪತ್ರ ಇಷ್ಟು ಸಾಕಾ? ವಂಶಾವಳಿ, ಮಕ್ಕಳ ಸಹಿ ಕೂಡ ಬೇಕಾ? ಒಪ್ಪಿಗೆ ಪತ್ರ ಬಿಳಿ ಹಾಳೆಯಲ್ಲಿ ನಡೆಯುತ್ತದೋ, ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಬೇಕೋ?

ಇಷ್ಟು ಬಿಡಿಸಿ ಕೇಳುವುದಕ್ಕೆ ಕಾರಣ ಇದೆ. ಶಾಂತಮ್ಮನವರಿಗೆ ವಯಸ್ಸಾಗಿದೆ. ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಶ್ರಾವಣದಲ್ಲಿ ಒಮ್ಮೆ ಊರಿಗೆ ಬರುತ್ತಾರೆ. ಒಂದು ಸಹಿ, ಒಂದು ಜೆರಾಕ್ಸ್ ಅಂತ ಅವರನ್ನು ಮತ್ತೆ ಮತ್ತೆ ಓಡಾಡಿಸಲು ನನಗೆ ಮನಸ್ಸಿಲ್ಲ. ಪೂರ್ತಿ ಪಟ್ಟಿ ಮೊದಲೇ ಸಿಕ್ಕರೆ ಬರುವಾಗಲೇ ಎಲ್ಲ ತರುತ್ತಾರೆ. ಅವರು ಖುದ್ದಾಗಿ ಕಚೇರಿಗೆ ಬರಲೇಬೇಕಾ ಅನ್ನುವುದನ್ನೂ ಹೇಳಿ.

ಹೆಸ್ಕಾಂನವರಲ್ಲಿ ಇನ್ನೆರಡು ಮಾತು. ಯಜಮಾನರು ಆಗ ಕಟ್ಟಿದ್ದ ಮೀಟರ್ ಡಿಪಾಸಿಟ್ ಏನಾಗುತ್ತದೆ? ಅದು ಶಾಂತಮ್ಮನವರಿಗೇ ವಾಪಸ್ ಹೋಗಬೇಕು ಅನ್ನುವುದು ನನ್ನ ಆಸೆ. ನಾನು ಹೊಸದಾಗಿ ಕಟ್ಟಲು ತಯಾರಿದ್ದೇನೆ. ಮತ್ತೆ, ಗೃಹಜ್ಯೋತಿಗೆ ಈ ಆರ್.ಆರ್. ನಂಬರ್ ನನ್ನ ಆಧಾರ್ ಜೊತೆ ಈಗಾಗಲೇ ಜೋಡಣೆಯಾಗಿದೆ. ಹೆಸರು ಬದಲಾದರೆ ಮತ್ತೆ ಅರ್ಜಿ ಹಾಕಬೇಕಾ?

ನಗರಸಭೆಯವರಲ್ಲಿ ಕೇಳುವುದು ಇಷ್ಟೇ. ಬಾಡಿಗೆದಾರರ ಹೆಸರಿಗೆ ನಳ ಮಾಡಿಕೊಡುವ ಪದ್ಧತಿ ಇದೆಯಾ? ಇಲ್ಲ ಅಂದರೆ ಹಾಗೆಂದೇ ಬರೆದು ತಿಳಿಸಿ. ಆಗ ನಳವನ್ನು ಶಾಂತಮ್ಮನವರ ಹೆಸರಿಗೆ ಮಾಡಿಸಿ, ಬಿಲ್ಲು ಮೊದಲಿನ ಹಾಗೆ ನಾನೇ ಕಟ್ಟುತ್ತೇನೆ.

ಕರಾರು ಪತ್ರ, ನನ್ನ ಆಧಾರ್, ಎರಡೂ ಬಿಲ್ಲು ಮತ್ತು ಕಟ್ಟಿದ ರಸೀದಿಗಳ ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಜುಲೈ ಮುಗಿಯುವುದರೊಳಗೆ ಉತ್ತರ ಬಂದರೆ ಶಾಂತಮ್ಮನವರು ಹೊರಡುವ ಮೊದಲೇ ಅವರಿಗೆ ತಿಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ರೇಣುಕಾ