ಚೇತರಿಕೆಯ ಅವಧಿಯಲ್ಲಿ ಕೆಲಸದ ಹೊರೆ ತಗ್ಗಿಸುವಂತೆ ಕೋರಿ ಶಾಖಾ ವ್ಯವಸ್ಥಾಪಕರಿಗೆ ಪತ್ರ

ದಿನಾಂಕ: 25-05-2026
ಕಲಬುರಗಿ

ಇವರಿಂದ:
ಸುವರ್ಣಾ
ಕೃಷಿ ಸಾಲ ಅಧಿಕಾರಿ, ಜೇವರ್ಗಿ ಶಾಖೆ

ಇವರಿಗೆ:
ಶಾಖಾ ವ್ಯವಸ್ಥಾಪಕರು
ಜೇವರ್ಗಿ ಶಾಖೆ, ಕಲಬುರಗಿ ಜಿಲ್ಲೆ

ವಿಷಯ: ವೈದ್ಯಕೀಯ ರಜೆಯ ನಂತರ ಜೂನ್ 1ರಿಂದ ಆಗಸ್ಟ್ 31ರವರೆಗೆ ಕೆಲಸದ ಹೊರೆಯನ್ನು ತಗ್ಗಿಸಿಕೊಡುವ ಕುರಿತು.

ಮಾನ್ಯರೇ,

ನನ್ನ ವೈದ್ಯಕೀಯ ರಜೆ ಈ ತಿಂಗಳ ಕೊನೆಗೆ ಮುಗಿಯಲಿದ್ದು, ಜೂನ್ 1ರ ಸೋಮವಾರ ನಾನು ಕೆಲಸಕ್ಕೆ ಹಾಜರಾಗುತ್ತೇನೆ. ರಜೆ ಕೇಳಿದಾಗ ತಾವು ಒಂದೇ ಮಾತಿಗೆ ಒಪ್ಪಿ, ರಜೆಯ ಅವಧಿಯಲ್ಲಿ ಶಾಖೆಯಿಂದ ನನಗೆ ಕರೆ ಬರದಂತೆ ನೋಡಿಕೊಂಡಿದ್ದಕ್ಕೆ ಮನಃಪೂರ್ವಕವಾಗಿ ಕೃತಜ್ಞಳಾಗಿದ್ದೇನೆ. ಆದರೆ ಮೊದಲ ದಿನದಿಂದಲೇ ಹಿಂದಿನಷ್ಟೇ ಕೆಲಸವನ್ನು ಹೊತ್ತುಕೊಂಡರೆ ಈಗ ಬಂದಿರುವ ಚೇತರಿಕೆ ಉಳಿಯುವುದಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆದ್ದರಿಂದ ಮೂರು ತಿಂಗಳ ಮಟ್ಟಿಗೆ ನನ್ನ ಕೆಲಸವನ್ನು ಮರುಹಂಚಿಕೆ ಮಾಡಿಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ವೈದ್ಯರು ನನ್ನ ಸ್ಥಿತಿಯನ್ನು ಬರ್ನ್‌ಔಟ್ ಎಂದು ಗುರುತಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಸ್ಥಳದ ಒತ್ತಡ ಬಹುಕಾಲ ಹತೋಟಿಗೆ ಬಾರದೆ ಉಳಿದಾಗ ಉಂಟಾಗುವ ಔದ್ಯೋಗಿಕ ಸ್ಥಿತಿ ಎಂದು ಹೇಳಿದೆ. ಶಕ್ತಿಯೆಲ್ಲ ಬತ್ತಿದಂತಹ ದಣಿವು, ಮಾಡುವ ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು ಅದರ ಲಕ್ಷಣಗಳು. ಇವುಗಳಲ್ಲಿ ನನ್ನನ್ನು ಹೆಚ್ಚು ಕಂಗೆಡಿಸಿದ್ದು ದಣಿವಲ್ಲ, ಎರಡನೆಯದು. ಕಳೆದ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರಿನ ಅತಿವೃಷ್ಟಿ ಹಾಗೂ ಭೀಮಾ ನದಿಯ ಪ್ರವಾಹದಲ್ಲಿ ತೊಗರಿ, ಹತ್ತಿ ಕಳೆದುಕೊಂಡ ರೈತರು ನನ್ನ ಮೇಜಿನ ಮುಂದೆ ಕುಳಿತು ಕಷ್ಟ ಹೇಳಿಕೊಳ್ಳುವಾಗ, ಮಾರ್ಚ್ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಏನೂ ಏಳುತ್ತಿರಲಿಲ್ಲ. ಪಹಣಿ ನೋಡುತ್ತಿದ್ದೆ, ಬಾಕಿ ಹೇಳುತ್ತಿದ್ದೆ, ಮುಂದಿನವರನ್ನು ಕರೆಯುತ್ತಿದ್ದೆ. ಈ ಊರುಗಳ ಜನರ ನಡುವೆಯೇ ಬೆಳೆದು, ಇದೇ ಕೆಲಸ ಬೇಕೆಂದು ಬಯಸಿ ಬಂದವಳಿಗೆ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಇದು ಯಾರೊಬ್ಬರ ಮೇಲಿನ ದೂರಲ್ಲ. ಬೆಳೆ ಹಾನಿಯ ನಂತರ ಶಾಖೆಯ ಎಲ್ಲರ ಮೇಲೂ ಒತ್ತಡ ಹೆಚ್ಚಿತ್ತು. ನನ್ನ ಮೇಜಿನ ಮೇಲೆ ಮಾತ್ರ ಒಂದಕ್ಕೊಂದು ಎದುರಾದ ಎರಡು ಕೆಲಸಗಳು ಒಟ್ಟಿಗೆ ಬಂದು ಕುಳಿತವು. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದವರ ಸಾಲವನ್ನು ಮರುಹೊಂದಾಣಿಕೆ ಮಾಡುವ ಕಡತಗಳನ್ನು ಹಗಲಿನಲ್ಲಿ ಸಿದ್ಧಪಡಿಸುತ್ತಿದ್ದೆ. ಸಂಜೆಯಾದ ಮೇಲೆ ಅದೇ ಹಳ್ಳಿಗಳ ಸುಸ್ತಿದಾರರಿಗೆ ಕರೆ ಮಾಡಿ ವಸೂಲಿಯ ಮಾತಾಡುತ್ತಿದ್ದೆ. ಬೆಳಿಗ್ಗೆ ಧೈರ್ಯ ಹೇಳಿದ ಮನೆಗೆ ಸಂಜೆ ಗಡುವು ಹೇಳಬೇಕಾಗಿ ಬಂದ ದಿನಗಳಿದ್ದವು. ರಾತ್ರಿ ಬಸ್ಸಿನಲ್ಲಿ ಕಲಬುರಗಿಗೆ ಮರಳುವಾಗಲೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ದಿನದ ವಸೂಲಿ ಅಂಕಿ ಕೇಳುತ್ತಿದ್ದರಿಂದ, ಶಾಖೆ ಬಿಟ್ಟ ಮೇಲೂ ಕೆಲಸ ಬಿಡುತ್ತಿರಲಿಲ್ಲ. ಕೆಲಸದ ಪ್ರಮಾಣಕ್ಕಿಂತ ಈ ಜೋಡಣೆಯೇ ನನ್ನನ್ನು ಹೆಚ್ಚು ಬಳಲಿಸಿತು ಎಂಬುದು, ರಜೆಯಲ್ಲಿ ಶಾಂತವಾಗಿ ಯೋಚಿಸಿದಾಗ ನನಗೆ ಮನವರಿಕೆಯಾಗಿದೆ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆಯೆಂದರೆ, ಆಗಸ್ಟ್ 31ರವರೆಗೆ ವಸೂಲಿ ಮತ್ತು ಎನ್‌ಪಿಎ ಖಾತೆಗಳ ಹಳ್ಳಿ ಭೇಟಿಗಳನ್ನೂ ಕರೆಗಳನ್ನೂ ನನ್ನಿಂದ ಪೂರ್ಣವಾಗಿ ತೆಗೆದು ಬೇರೆಯವರಿಗೆ ವಹಿಸಿಕೊಡಬೇಕು. ಇದನ್ನು ಅರ್ಧಕ್ಕಿಳಿಸಿದರೆ ಪ್ರಯೋಜನವಾಗದು. ವಾರಕ್ಕೆ ಒಂದೇ ದಿನ ವಸೂಲಿಗೆ ಹೋದರೂ ಉಳಿದ ದಿನಗಳೆಲ್ಲ ಮನಸ್ಸು ಅದರ ಸುತ್ತಲೇ ತಿರುಗುತ್ತಿರುತ್ತದೆ. ನನ್ನ ಪಾಲಿನ ಹಳ್ಳಿಗಳಲ್ಲಿ ಭೀಮಾ ದಂಡೆಯ ಹಳ್ಳಿಗಳ ಬೆಳೆ ಸಾಲದ ಖಾತೆಗಳನ್ನು ಇದೇ ಅವಧಿಗೆ ಇನ್ನೊಬ್ಬ ಅಧಿಕಾರಿಗೆ ಕೊಟ್ಟು, ಉಳಿದ ಹಳ್ಳಿಗಳ ಕೆಸಿಸಿ ನವೀಕರಣ ಮತ್ತು ಹೊಸ ಅರ್ಜಿಗಳ ಪರಿಶೀಲನೆಯನ್ನು ನನಗೇ ಬಿಡಬೇಕೆಂದು ಕೋರುತ್ತೇನೆ. ಸಂಜೆ 6 ಗಂಟೆಯ ನಂತರ ಹಾಗೂ ರಜಾ ದಿನಗಳಲ್ಲಿ ಕರೆ ಮತ್ತು ಸಂದೇಶಗಳಿಗೆ ಉತ್ತರಿಸುವ ಹೊಣೆಯಿಂದ ನನ್ನನ್ನು ಬಿಡುಗಡೆ ಮಾಡಬೇಕು. ವರ್ಗಾವಣೆಯನ್ನಾಗಲಿ, ಮನೆಯಿಂದ ಕೆಲಸ ಮಾಡುವ ಅನುಮತಿಯನ್ನಾಗಲಿ ನಾನು ಕೇಳುತ್ತಿಲ್ಲ. ಕಾಗದಪತ್ರ ನೋಡಿ, ಲೆಕ್ಕ ಹಾಕಿ, ಒಬ್ಬ ರೈತನ ಸಾಲ ಮಂಜೂರಾಗುವವರೆಗೆ ಕಡತವನ್ನು ದಾಟಿಸುವ ಕೆಲಸವೇ ನನ್ನನ್ನು ಮತ್ತೆ ಕೆಲಸಕ್ಕೆ ಹೊಂದಿಸುತ್ತದೆಂಬ ನಂಬಿಕೆ ನನಗಿದೆ.

ಈ ಕೋರಿಕೆ ಬರುತ್ತಿರುವ ಕಾಲ ಸುಲಭದ್ದಲ್ಲವೆಂದು ಬಲ್ಲೆ. ಮಿರಗದ ಮಳೆ ಬಿದ್ದ ಕೂಡಲೇ ಬಿತ್ತನೆಗೆ ಹಣ ಬೇಕೆಂದು ರೈತರು ಶಾಖೆಗೆ ಬರುತ್ತಾರೆ. ಅದರ ಬೆನ್ನಿಗೇ ಬೆಳೆ ವಿಮೆಯ ನೋಂದಣಿ ಶುರುವಾಗುತ್ತದೆ. ಸಾಲ ಪಡೆದ ರೈತರ ವಿವರಗಳನ್ನು ಸಂರಕ್ಷಣೆ ಪೋರ್ಟಲ್‌ನಲ್ಲಿ ದಾಖಲಿಸುವ ಕೆಲಸವನ್ನು ನಾನು ವಹಿಸಿಕೊಳ್ಳಲು ಸಿದ್ಧಳಿದ್ದೇನೆ. ಅದು ಶಾಖೆಯೊಳಗೆ ಕುಳಿತು ಮಾಡುವ ಕೆಲಸ, ಅದರಲ್ಲಿ ನನಗೆ ಅನುಭವವೂ ಇದೆ. ಬಿಟ್ಟುಹೋದ ಒಂದು ಸರ್ವೆ ನಂಬರಿನಿಂದ ರೈತನಿಗೆ ಪರಿಹಾರವೇ ತಪ್ಪಿಹೋಗಬಹುದಾದ್ದರಿಂದ, ಅದನ್ನು ಆತುರವಿಲ್ಲದೆ ನೋಡುವ ಒಬ್ಬರು ಶಾಖೆಗೆ ಹೇಗೂ ಬೇಕು. ಜುಲೈ ಕೊನೆಯ ವಾರದಲ್ಲಿ ಅಗತ್ಯ ಬಿದ್ದರೆ ಸಂಜೆ ಒಂದು ಗಂಟೆ ಹೆಚ್ಚು ಕುಳಿತು ಮಾಡುತ್ತೇನೆ. ಆದರೆ ಈ ವಿನಾಯಿತಿ ಆ ಒಂದು ವಾರಕ್ಕೆ ಮಾತ್ರ ಇರಲಿ ಎಂದು ವಿನಂತಿಸುತ್ತೇನೆ.

ನನ್ನ ಕೆಲಸದ ಭಾಗ ಸಹೋದ್ಯೋಗಿಗಳ ಮೇಲೆ ಬೀಳುತ್ತದೆಂಬ ಅಳುಕು ನನಗಿದೆ. ಅವರೂ ಇದೇ ವರ್ಷವನ್ನು ದಾಟಿ ಬಂದವರು. ಹಾಗಾಗಿ ಹಸ್ತಾಂತರವಾಗುವ ಖಾತೆಗಳ ಬಗ್ಗೆ ಒಂದು ಟಿಪ್ಪಣಿ ಪುಸ್ತಕವನ್ನು ಮೊದಲ ವಾರದಲ್ಲೇ ಬರೆದುಕೊಡುತ್ತೇನೆ. ಯಾರ ತೊಗರಿ ಹಣ ಇನ್ನೂ ಅಡತಿ ಅಂಗಡಿಯಿಂದ ಬಂದಿಲ್ಲ, ಯಾವ ಮನೆಯಲ್ಲಿ ಕಾಯಿಲೆಯ ಖರ್ಚಿದೆ, ಯಾರು ಬಾಯಿಮಾತಿನ ಗಡುವನ್ನು ತಪ್ಪದೆ ಉಳಿಸಿಕೊಳ್ಳುತ್ತಾರೆ ಎಂಬುದು ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಅದು ಗೊತ್ತಿದ್ದರೆ ಹೊಸಬರ ಓಡಾಟ ಎಷ್ಟೋ ಉಳಿಯುತ್ತದೆ, ರೈತರೂ ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುವುದಿಲ್ಲ. ಈ ತ್ರೈಮಾಸಿಕದ ವಸೂಲಿ ಗುರಿಯನ್ನು ನನ್ನ ಹೆಸರಿನಿಂದ ತೆಗೆಯುವಾಗ, ಅದನ್ನು ಒಬ್ಬರ ಮೇಲೆಯೇ ಪೂರ್ತಿಯಾಗಿ ಹೊರಿಸದೆ ಹಂಚಬೇಕೆಂಬುದೂ ನನ್ನ ಕಳಕಳಿಯ ಮನವಿ.

ಪ್ರತಿ ತಿಂಗಳ ಕೊನೆಯಲ್ಲಿ ತಮ್ಮೊಡನೆ ಕುಳಿತು, ಹೊರೆ ಸರಿಯಾಗಿದೆಯೇ, ಯಾವ ಕೆಲಸವನ್ನು ಮರಳಿ ಪಡೆಯಬಹುದು ಎಂದು ಮಾತಾಡಲು ಬಯಸುತ್ತೇನೆ. ಸೆಪ್ಟೆಂಬರಿನಿಂದ ಹಳ್ಳಿ ಭೇಟಿಗಳನ್ನು ಮೊದಲು ಸ್ವಲ್ಪ ಸ್ವಲ್ಪವಾಗಿ, ಮುಂದೆ ಪೂರ್ಣವಾಗಿ ಕೈಗೆತ್ತಿಕೊಳ್ಳುವುದು ನನ್ನ ಉದ್ದೇಶ. ವೈದ್ಯರ ಸಮಾಲೋಚನೆ ಎರಡು ವಾರಕ್ಕೊಮ್ಮೆ ಬುಧವಾರ ಸಂಜೆ ಕಲಬುರಗಿಯಲ್ಲಿ ಇರುವುದರಿಂದ, ಆ ದಿನಗಳಲ್ಲಿ 4 ಗಂಟೆಗೆ ಹೊರಡಲು ಅನುಮತಿ ಬೇಕಾಗುತ್ತದೆ.

ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಅದರ ವಿವರಗಳು ತಮ್ಮಲ್ಲಿ ಹಾಗೂ ಪ್ರಾದೇಶಿಕ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಮಾತ್ರ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಸಹೋದ್ಯೋಗಿಗಳಿಗೆ ಏನು ಹೇಳಬೇಕೆಂಬುದನ್ನು ನಾನೇ, ನನ್ನ ಮಾತಿನಲ್ಲಿ ಹೇಳುತ್ತೇನೆ.

ಜೂನ್ 1ಕ್ಕಿಂತ ಮೊದಲು ತಮಗೆ ಅನುಕೂಲವಾದ ಯಾವುದೇ ದಿನ ಶಾಖೆಗೆ ಬಂದು ಮಾತಾಡಲು ಸಿದ್ಧಳಿದ್ದೇನೆ. ಕೇಳಿದ ವ್ಯವಸ್ಥೆಯಲ್ಲಿ ಯಾವುದಾದರೂ ಶಾಖೆಗೆ ಹೊಂದದಿದ್ದರೆ, ಅದಕ್ಕೆ ಬದಲಾಗಿ ಏನು ಮಾಡಬಹುದೆಂದು ಆಗಲೇ ಕೂಡಿ ತೀರ್ಮಾನಿಸಬಹುದು. ತಮ್ಮ ಉತ್ತರವನ್ನು ಎದುರು ನೋಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುವರ್ಣಾ
ಕೃಷಿ ಸಾಲ ಅಧಿಕಾರಿ

ಲಗತ್ತು: ವೈದ್ಯಕೀಯ ಪ್ರಮಾಣಪತ್ರ