ನಾಮಿನಲ್ ಜಿಡಿಪಿ, ನೈಜ ಜಿಡಿಪಿ: ಹತ್ತು ಅಂಕದ ಒಂದು ಪ್ರಶ್ನೆ, ಅದರ ಪೂರ್ತಿ ಉತ್ತರ

ಪ್ರಶ್ನೆ

ಒಂದು ದೇಶದಲ್ಲಿ ಬಟ್ಟೆ ಮತ್ತು ಸೈಕಲ್ ಎಂಬ ಎರಡೇ ಅಂತಿಮ ಸರಕುಗಳು ತಯಾರಾಗುತ್ತವೆ ಎಂದುಕೊಳ್ಳಿ. ಅಲ್ಲಿನ ಹಣದ ಹೆಸರು ‘ನಾಣ್ಯ’. ಕೊಟ್ಟಿರುವ ಬೆಲೆಗಳೆಲ್ಲ ಮಾರುಕಟ್ಟೆ ಬೆಲೆಗಳು.

ಮೊದಲ ವರ್ಷ 20 ಕೋಟಿ ಮೀಟರ್ ಬಟ್ಟೆ ತಯಾರಾಯಿತು. ಮೀಟರಿಗೆ 100 ನಾಣ್ಯ. 50 ಲಕ್ಷ ಸೈಕಲ್ ತಯಾರಾದವು. ಒಂದಕ್ಕೆ 6,000 ನಾಣ್ಯ.

ಐದನೇ ವರ್ಷ 22 ಕೋಟಿ ಮೀಟರ್ ಬಟ್ಟೆ ತಯಾರಾಯಿತು. ಮೀಟರಿಗೆ 150 ನಾಣ್ಯ. ಸೈಕಲ್ ಅಷ್ಟೇ, 50 ಲಕ್ಷ. ಒಂದಕ್ಕೆ 6,400 ನಾಣ್ಯ.

ಐದನೇ ವರ್ಷದಲ್ಲಿ ಸವಕಳಿ 500 ಕೋಟಿ, ಪರೋಕ್ಷ ತೆರಿಗೆ 600 ಕೋಟಿ, ಸಬ್ಸಿಡಿ 200 ಕೋಟಿ, ವಿದೇಶದಿಂದ ಬಂದ ನಿವ್ವಳ ಉತ್ಪಾದನಾಂಗ ಆದಾಯ −100 ಕೋಟಿ ನಾಣ್ಯ. ಮೊದಲ ವರ್ಷದ ರಾಷ್ಟ್ರೀಯ ಆದಾಯ 4,400 ಕೋಟಿ ನಾಣ್ಯ. ಜನಸಂಖ್ಯೆ ಮೊದಲ ವರ್ಷ 40 ಲಕ್ಷ, ಐದನೇ ವರ್ಷ 44 ಲಕ್ಷ.

ಮೊದಲ ವರ್ಷವನ್ನು ಮೂಲ ವರ್ಷವಾಗಿ ತೆಗೆದುಕೊಂಡು ಉತ್ತರಿಸಿ:

(ಅ) ಎರಡೂ ವರ್ಷಗಳ ನಾಮಿನಲ್ ಜಿಡಿಪಿ ಮತ್ತು ನೈಜ ಜಿಡಿಪಿ ಎಷ್ಟು? (3 ಅಂಕ)
(ಆ) ಐದನೇ ವರ್ಷದ ಜಿಡಿಪಿ ಡಿಫ್ಲೇಟರ್ ಎಷ್ಟು? ನಾಲ್ಕು ವರ್ಷಗಳಲ್ಲಿ ಬೆಲೆಗಳು ಒಟ್ಟು ಶೇಕಡ ಎಷ್ಟು ಏರಿದವು? (2 ಅಂಕ)
(ಇ) ಐದನೇ ವರ್ಷದ ರಾಷ್ಟ್ರೀಯ ಆದಾಯ ಕಂಡುಹಿಡಿಯಿರಿ. ಅದೇ ಡಿಫ್ಲೇಟರ್ ಬಳಸಿ ಅದನ್ನು ಮೂಲ ವರ್ಷದ ಬೆಲೆಗೆ ಇಳಿಸಿ. (3 ಅಂಕ)
(ಈ) “ತಲಾ ಆದಾಯ ಏರಿದೆ, ಆದ್ದರಿಂದ ಜನರ ಸ್ಥಿತಿ ಸುಧಾರಿಸಿದೆ” ಎಂದು ಸರ್ಕಾರ ಹೇಳುತ್ತಿದೆ. ಈ ಮಾತು ಸರಿಯೇ? ಲೆಕ್ಕದೊಂದಿಗೆ ಪರಿಶೀಲಿಸಿ. (2 ಅಂಕ)

ಉತ್ತರ

ಲೆಕ್ಕಕ್ಕೆ ಕೈ ಹಾಕುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಪ್ರತಿ ಮೊತ್ತದ ಪಕ್ಕದಲ್ಲಿ ಅದು ಯಾವ ವರ್ಷದ ಬೆಲೆಯಲ್ಲಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಂಥ ಪ್ರಶ್ನೆಯಲ್ಲಿ ಗುಣಾಕಾರ ತಪ್ಪಿ ಅಂಕ ಹೋಗುವುದು ಕಡಿಮೆ. ಒಂದು ವರ್ಷದ ಬೆಲೆಯ ಮೊತ್ತವನ್ನು ಇನ್ನೊಂದು ವರ್ಷದ ಬೆಲೆಯ ಮೊತ್ತದ ಜೊತೆ ನೇರವಾಗಿ ಹೋಲಿಸಿಬಿಡುವುದರಿಂದಲೇ ಜಾಸ್ತಿ ಅಂಕ ಹೋಗುತ್ತವೆ.

(ಅ) ಆಯಾ ವರ್ಷ ತಯಾರಾದ ಸರಕನ್ನು ಆಯಾ ವರ್ಷದ ಬೆಲೆಯಿಂದಲೇ ಗುಣಿಸಿದರೆ ನಾಮಿನಲ್ ಜಿಡಿಪಿ ಸಿಗುತ್ತದೆ.

ಮೊದಲ ವರ್ಷ: ಬಟ್ಟೆ 20 ಕೋಟಿ × 100 = 2,000 ಕೋಟಿ. ಸೈಕಲ್ 50 ಲಕ್ಷ × 6,000 = 3,000 ಕೋಟಿ. ಒಟ್ಟು 5,000 ಕೋಟಿ ನಾಣ್ಯ.

ಐದನೇ ವರ್ಷ: ಬಟ್ಟೆ 22 ಕೋಟಿ × 150 = 3,300 ಕೋಟಿ. ಸೈಕಲ್ 50 ಲಕ್ಷ × 6,400 = 3,200 ಕೋಟಿ. ಒಟ್ಟು 6,500 ಕೋಟಿ ನಾಣ್ಯ.

ನಾಮಿನಲ್ ಜಿಡಿಪಿ ಶೇ. 30 ಏರಿತು. ಆದರೆ ತಯಾರಾದ ಸರಕನ್ನು ನೋಡಿ. ಸೈಕಲ್ ಒಂದೂ ಹೆಚ್ಚಾಗಿಲ್ಲ. ಬಟ್ಟೆ ಬರೀ ಎರಡು ಕೋಟಿ ಮೀಟರ್ ಹೆಚ್ಚಾಗಿದೆ. ಹಾಗಿದ್ದ ಮೇಲೆ ಶೇ. 30 ಬೆಳವಣಿಗೆ ಎಲ್ಲಿಂದ ಬಂತು? ಹೆಚ್ಚಿನ ಪಾಲು ಬೆಲೆ ಏರಿದ್ದರಿಂದಲೇ ಬಂದಿರಬೇಕು, ಅಲ್ವಾ? ಅದನ್ನು ಬೇರ್ಪಡಿಸಲಿಕ್ಕೇ ನೈಜ ಜಿಡಿಪಿ ಇರುವುದು. ಐದನೇ ವರ್ಷದ ಸರಕನ್ನು ಮೊದಲ ವರ್ಷದ ಬೆಲೆಯಿಂದ ಗುಣಿಸಬೇಕು.

ಬಟ್ಟೆ 22 ಕೋಟಿ × 100 = 2,200 ಕೋಟಿ. ಸೈಕಲ್ 50 ಲಕ್ಷ × 6,000 = 3,000 ಕೋಟಿ. ನೈಜ ಜಿಡಿಪಿ 5,200 ಕೋಟಿ ನಾಣ್ಯ.

ಮೊದಲ ವರ್ಷವೇ ಮೂಲ ವರ್ಷವಾದ್ದರಿಂದ ಅದರ ನಾಮಿನಲ್, ನೈಜ ಎರಡೂ ಒಂದೇ, 5,000 ಕೋಟಿ. ಇದನ್ನು ಒಂದು ಸಾಲಿನಲ್ಲಿ ಬರೆಯಲೇಬೇಕು. ನಿಮಗೆ ಗೊತ್ತಿದೆ ಎಂದು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ನೈಜ ಬೆಳವಣಿಗೆ 200 ÷ 5,000, ಅಂದರೆ ಶೇ. 4. ಅದೂ ನಾಲ್ಕು ವರ್ಷ ಸೇರಿ.

(ಆ) ಡಿಫ್ಲೇಟರ್ = ನಾಮಿನಲ್ ಜಿಡಿಪಿ ÷ ನೈಜ ಜಿಡಿಪಿ × 100 = 6,500 ÷ 5,200 × 100 = 125. ಮೂಲ ವರ್ಷದ ಡಿಫ್ಲೇಟರ್ ಯಾವಾಗಲೂ 100. ಆದ್ದರಿಂದ ಬೆಲೆಗಳು ಒಟ್ಟು ಶೇ. 25 ಏರಿವೆ.

ಎರಡು ಅಂಕಕ್ಕೆ ಇಷ್ಟು ಸಾಕು. ಆದರೂ ಇಲ್ಲಿ ಸ್ವಲ್ಪ ನಿಲ್ಲೋಣ. ಹಣದುಬ್ಬರದ ಬಗ್ಗೆ ಇರುವ ಗೊಂದಲಗಳೆಲ್ಲ ಈ ಎರಡು ಸಾಲಿನ ಹಿಂದೆಯೇ ಇವೆ.

ಬಟ್ಟೆಯ ಬೆಲೆ ಶೇ. 50 ಏರಿದೆ, ಸೈಕಲಿನದು ಶೇ. 6.7 ಮಾತ್ರ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಸುಮಾರು ಶೇ. 28.3 ಬರುತ್ತದೆ. ಇದು ತಪ್ಪು ಉತ್ತರ. ಸುಮ್ನೆ ಸರಾಸರಿ ತೆಗೆದರೆ ಎರಡು ಸರಕಿಗೂ ಒಂದೇ ತೂಕ ಕೊಟ್ಟಂತಾಗುತ್ತದೆ. ಮೂಲ ವರ್ಷದ ಬೆಲೆಯಲ್ಲಿ ಬಟ್ಟೆಯ ಪಾಲು 2,200 ಕೋಟಿ, ಸೈಕಲಿನ ಪಾಲು 3,000 ಕೋಟಿ. ಕಡಿಮೆ ಏರಿದ ಸರಕಿನ ತೂಕ ಹೆಚ್ಚು. ಅದಕ್ಕೇ ಉತ್ತರ 25ಕ್ಕೆ ಇಳಿಯಿತು.

ಇನ್ನೊಂದು ಗೊಂದಲ ಇದಕ್ಕಿಂತ ಮೋಸದ್ದು. ನಾಮಿನಲ್ ಬೆಳವಣಿಗೆ ಶೇ. 30, ಹಣದುಬ್ಬರ ಶೇ. 25. ಕಳೆದರೆ ಶೇ. 5. ಆದರೆ ನಮ್ಮ ನೈಜ ಬೆಳವಣಿಗೆ ಶೇ. 4. ಕಳೆಯುವ ವಿಧಾನ ಅಂದಾಜು ಮಾತ್ರ. ಶೇಕಡಗಳು ಚಿಕ್ಕವಿದ್ದಾಗ ಅದು ಹತ್ತಿರ ಬರುತ್ತದೆ, ದೊಡ್ಡವಾದಂತೆ ದೂರ ಹೋಗುತ್ತದೆ. ಸರಿಯಾದ ದಾರಿ ಭಾಗಾಕಾರ: 1.30 ÷ 1.25 = 1.04. ಪ್ರಶ್ನೆಯಲ್ಲಿ ‘ಅಂದಾಜು’ ಎಂಬ ಮಾತು ಇಲ್ಲದಿದ್ದರೆ ಭಾಗಿಸಿಯೇ ಬರೆಯಿರಿ.

ವರ್ಷಕ್ಕೆ ಎಷ್ಟು ಎಂದು ಕೇಳಿದರೂ ಇದೇ ಎಚ್ಚರ ಬೇಕು. 25ನ್ನು 4ರಿಂದ ಭಾಗಿಸಿ 6.25 ಎನ್ನಬೇಡಿ. ಬೆಲೆ ಏರಿಕೆ ಚಕ್ರಬಡ್ಡಿಯ ಹಾಗೆ ಏರಿದ ಬೆಲೆಯ ಮೇಲೇ ಏರುತ್ತದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 5.7 ಆಗುತ್ತದೆ.

ಗ್ರಾಹಕ ಬೆಲೆ ಸೂಚ್ಯಂಕ ಇದೇ ಸಂಖ್ಯೆ ಕೊಡಬೇಕಿಲ್ಲ. ಅದು ಒಂದು ಗೊತ್ತಾದ ಬುಟ್ಟಿಯ ಬೆಲೆಯನ್ನು ಅಳೆಯುತ್ತದೆ. ಮೊದಲ ವರ್ಷದ ಸರಕುಗಳನ್ನೇ ಬುಟ್ಟಿಯಾಗಿ ಹಿಡಿದರೆ ಐದನೇ ವರ್ಷದ ಬೆಲೆಯಲ್ಲಿ ಅದರ ಮೊತ್ತ 3,000 + 3,200 = 6,200 ಕೋಟಿ. ಸೂಚ್ಯಂಕ 124. ಡಿಫ್ಲೇಟರ್ ಈ ವರ್ಷ ತಯಾರಾದ ಸರಕಿನ ತೂಕ ಬಳಸುತ್ತದೆ, ಬುಟ್ಟಿ ಹಳೆಯ ತೂಕ ಬಳಸುತ್ತದೆ. ಎರಡರಲ್ಲಿ ಒಂದು ಸುಳ್ಳು ಎಂದಲ್ಲ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

(ಇ) ಜಿಡಿಪಿಯಿಂದ ರಾಷ್ಟ್ರೀಯ ಆದಾಯಕ್ಕೆ ಮೂರು ಹೆಜ್ಜೆ.

ಮಾರುಕಟ್ಟೆ ಬೆಲೆಯ ಜಿಡಿಪಿ 6,500. ಸವಕಳಿ 500 ಕಳೆದರೆ ನಿವ್ವಳ ದೇಶೀಯ ಉತ್ಪನ್ನ 6,000. ವಿದೇಶದ ನಿವ್ವಳ ಆದಾಯ −100 ಸೇರಿಸಿದರೆ ನಿವ್ವಳ ರಾಷ್ಟ್ರೀಯ ಉತ್ಪನ್ನ 5,900. ನಿವ್ವಳ ಪರೋಕ್ಷ ತೆರಿಗೆ 600 − 200 = 400. ಅದನ್ನು ಕಳೆದರೆ 5,500 ಕೋಟಿ ನಾಣ್ಯ. ಇದೇ ಉತ್ಪಾದನಾಂಗ ವೆಚ್ಚದಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ, ಅಂದರೆ ರಾಷ್ಟ್ರೀಯ ಆದಾಯ.

ಋಣ ಚಿಹ್ನೆ ನೋಡಿ ಗಾಬರಿಯಾಗಬೇಡಿ. ಆ ದೇಶದವರು ಹೊರಗೆ ಗಳಿಸಿದ್ದಕ್ಕಿಂತ ಹೊರಗಿನವರು ಅಲ್ಲಿ ಗಳಿಸಿ ಒಯ್ದಿದ್ದು ಜಾಸ್ತಿ, ಅಷ್ಟೇ. ಈ ಒಂದು ಸಾಲು ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ ಐರ್ಲೆಂಡನ್ನು ನೋಡಬೇಕು. 2015ರಲ್ಲಿ ಅಲ್ಲಿನ ನೈಜ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಶೇ. 25 ಹಿಗ್ಗಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟಿನಂಥ ಆಸ್ತಿಗಳನ್ನು ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ್ದು ಅದಕ್ಕೆ ದೊಡ್ಡ ಕಾರಣ. ಅಲ್ಲಿನ ಜನರ ಗಳಿಕೆ ಹಾಗೆ ಹಿಗ್ಗಿರಲಿಲ್ಲ. ಕೊನೆಗೆ ಅಲ್ಲಿನ ಅಂಕಿಅಂಶ ಕಚೇರಿ ಇಂಥ ಮೊತ್ತಗಳನ್ನು ತೆಗೆದುಹಾಕಿದ ಬೇರೆಯೇ ಒಂದು ರಾಷ್ಟ್ರೀಯ ಆದಾಯದ ಲೆಕ್ಕವನ್ನು ಪ್ರಕಟಿಸಲು ಶುರುಮಾಡಿತು. ಹಾಗಾಗಿ ದೇಶೀಯ ಎಂದರೇನು, ರಾಷ್ಟ್ರೀಯ ಎಂದರೇನು ಎನ್ನುವುದನ್ನು ಬರೀ ಬಾಯಿಪಾಠ ಮಾಡಬೇಡಿ, ಅರ್ಥಮಾಡಿಕೊಂಡು ಓದಿ.

ಮೂಲ ವರ್ಷದ ಬೆಲೆಗೆ ಇಳಿಸಿದರೆ: 5,500 ÷ 125 × 100 = 4,400 ಕೋಟಿ ನಾಣ್ಯ. ಮೊದಲ ವರ್ಷವೂ 4,400 ಕೋಟಿಯೇ ಇತ್ತು. ನೈಜ ಜಿಡಿಪಿ ಶೇ. 4 ಏರಿದ್ದರೂ ನೈಜ ರಾಷ್ಟ್ರೀಯ ಆದಾಯ ಇದ್ದಲ್ಲೇ ಇದೆ! ತಪ್ಪಾಯಿತೇನೋ ಎಂದು ಇಲ್ಲಿ ಹೊಡೆದುಹಾಕಬೇಡಿ. ಮೊದಲ ವರ್ಷ ಜಿಡಿಪಿಗೂ ರಾಷ್ಟ್ರೀಯ ಆದಾಯಕ್ಕೂ 600 ಕೋಟಿ ಅಂತರ ಇತ್ತು. ಐದನೇ ವರ್ಷ ಮೂಲ ಬೆಲೆಯಲ್ಲಿ ಆ ಅಂತರ 5,200 − 4,400 = 800 ಕೋಟಿ. ಹೆಚ್ಚಾಗಿ ತಯಾರಾದ 200 ಕೋಟಿಯಷ್ಟೂ ಸವಕಳಿ, ತೆರಿಗೆ, ಹೊರಹೋದ ಆದಾಯ ಇವುಗಳ ಪಾಲಾಯಿತು.

(ಈ) ಚಾಲ್ತಿ ಬೆಲೆಯಲ್ಲಿ ತಲಾ ಆದಾಯ ಮೊದಲ ವರ್ಷ 4,400 ಕೋಟಿ ÷ 40 ಲಕ್ಷ = 11,000 ನಾಣ್ಯ. ಐದನೇ ವರ್ಷ 5,500 ಕೋಟಿ ÷ 44 ಲಕ್ಷ = 12,500 ನಾಣ್ಯ. ಸುಮಾರು ಶೇ. 13.6 ಏರಿಕೆ. ಸರ್ಕಾರ ಕೊಟ್ಟ ಸಂಖ್ಯೆ ಸುಳ್ಳಲ್ಲ.

ಮೂಲ ವರ್ಷದ ಬೆಲೆಯಲ್ಲಿ ಐದನೇ ವರ್ಷದ ತಲಾ ಆದಾಯ 4,400 ಕೋಟಿ ÷ 44 ಲಕ್ಷ = 10,000 ನಾಣ್ಯ. ಅಂದರೆ 11,000ದಿಂದ 10,000ಕ್ಕೆ, ಸುಮಾರು ಶೇ. 9.1 ಇಳಿಕೆ. ಕೈಗೆ ಬರುವ ನಾಣ್ಯ ಹೆಚ್ಚಾಯಿತು, ಅದರಿಂದ ಕೊಳ್ಳಬಹುದಾದದ್ದು ಕಡಿಮೆಯಾಯಿತು. ಆದ್ದರಿಂದ ಸರ್ಕಾರದ ತೀರ್ಮಾನ ಸರಿಯಲ್ಲ.

ಅಂಕ ಇಲ್ಲಿಗೆ ಪೂರ್ತಿ ಸಿಗುತ್ತದೆ. ಆದರೆ ‘ಜನರ ಸ್ಥಿತಿ’ ಎಂಬ ಮಾತು ಪ್ರಶ್ನೆಯಲ್ಲಿ ಇರುವಾಗ ಇನ್ನೊಂದು ಲೆಕ್ಕ ಹಾಕುವುದು ಒಳ್ಳೆಯದು. ಪೂರ್ತಿ ಆದಾಯವನ್ನು ಬಟ್ಟೆಗೇ ಖರ್ಚು ಮಾಡುವ ಒಬ್ಬರು ಮೊದಲ ವರ್ಷ 11,000 ನಾಣ್ಯಕ್ಕೆ 110 ಮೀಟರ್ ಕೊಳ್ಳಬಹುದಿತ್ತು. ಐದನೇ ವರ್ಷ 12,500 ನಾಣ್ಯಕ್ಕೆ 83 ಮೀಟರ್ ಚಿಲ್ಲರೆ. ಸೈಕಲಿಗೇ ಖರ್ಚು ಮಾಡುವವರಿಗೆ ಮೊದಲು 1.83 ಸೈಕಲ್ ಸಿಗುತ್ತಿತ್ತು, ಈಗ 1.95. ಒಂದೇ ದೇಶ, ಒಂದೇ ಆದಾಯ, ಒಂದೇ ಡಿಫ್ಲೇಟರ್. ಆದರೂ ಒಬ್ಬರ ಸ್ಥಿತಿ ಕೆಟ್ಟಿದೆ, ಇನ್ನೊಬ್ಬರದು ತುಸು ಸುಧಾರಿಸಿದೆ. ಶೇ. 25 ಎನ್ನುವುದು ಇಡೀ ದೇಶದ ಸರಾಸರಿ. ಯಾರು ಏನು ಕೊಳ್ಳುತ್ತಾರೆ ಎನ್ನುವುದರ ಮೇಲೆ ಒಬ್ಬೊಬ್ಬರಿಗೆ ತಟ್ಟುವ ಹಣದುಬ್ಬರ ಬೇರೆ.

ತಲಾ ಆದಾಯ ಕೂಡ ಸರಾಸರಿಯೇ. ಆದಾಯ ಹೇಗೆ ಹಂಚಿಕೆಯಾಗಿದೆ ಎಂದು ಅದು ಹೇಳುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಕಟ್ಟಿದವರಲ್ಲಿ ಮುಖ್ಯರಾದ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಲ್ಲೇ, ಈ ಮೊತ್ತವೊಂದರಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂದು ಎಚ್ಚರಿಸಿದ್ದರು. ಉತ್ತರದ ಕೊನೆಗೆ ಹೀಗೆ ಬರೆದರೆ ಸಾಕು: “ಸರಾಸರಿ ನೈಜ ತಲಾ ಆದಾಯ ಇಳಿದಿರುವುದರಿಂದ ಹೇಳಿಕೆಗೆ ಆಧಾರವಿಲ್ಲ. ಯಾರ ಸ್ಥಿತಿ ಎಷ್ಟು ಬದಲಾಗಿದೆ ಎಂದು ಹೇಳಲು ಆದಾಯದ ಹಂಚಿಕೆ ಮತ್ತು ಖರ್ಚಿನ ವಿವರ ಬೇಕು.”