ಕಟಿಂಗ್‌ಗೆ ಮೊದಲು ಶೇಡ್ ಪರೀಕ್ಷೆ: ಕಟಿಂಗ್ ವಿಭಾಗದ ಪ್ರಸ್ತಾವ

ಗೆ: ಮಾಲೀಕರು
ಇಂದ: ಕಟಿಂಗ್ ವಿಭಾಗದ ಸೂಪರ್‌ವೈಸರ್, ಜೀನ್ಸ್ ಘಟಕ, ಬಳ್ಳಾರಿ
ದಿನಾಂಕ: 8-9-2025

ಸಮಸ್ಯೆ
ಕಳೆದ ತಿಂಗಳು ವಾಶಿಂಗ್ ಆಗಿ ಬಂದ 7,200 ಪ್ಯಾಂಟ್‌ಗಳಲ್ಲಿ 140ರ ಎರಡು ಕಾಲಿನ ಬಣ್ಣ ಬೇರೆ ಬೇರೆಯಾಗಿತ್ತು. ಇವನ್ನು ಸೆಕೆಂಡ್ಸ್‌ನಲ್ಲಿ ಮಾರಿದಾಗ ಪೀಸಿಗೆ ₹120 ಕಡಿಮೆ ಸಿಕ್ಕಿತು. ಒಟ್ಟು ನಷ್ಟ ₹16,800.

ಕಟಿಂಗ್ ಟೇಬಲ್ ಮೇಲೆ ಎರಡು ರೋಲ್ ಅಕ್ಕಪಕ್ಕ ಇಟ್ಟರೆ ಒಂದೇ ನೀಲಿ ಕಾಣುತ್ತದೆ. ತೊಳೆದ ಮೇಲೆ ಒಂದು ಹಸಿರಿಗೆ ತಿರುಗುತ್ತದೆ, ಇನ್ನೊಂದು ಬೂದು ಹೊಡೆಯುತ್ತದೆ. ಬಣ್ಣ ಹಾಕಿದ ಲಾಟ್ ಬೇರೆಯಾದರೆ ಹೀಗೇ. ನಾವು ಬಂದ ರೋಲ್‌ಗಳನ್ನೆಲ್ಲ ಒಂದೇ ಲೇನಲ್ಲಿ ಹಾಸಿ ಕತ್ತರಿಸುತ್ತೇವೆ. ಬಂಡಲ್ ಬಿಚ್ಚಿದಾಗ ಪದರಗಳು ಹಿಂದೆಮುಂದೆ ಆಗುತ್ತವೆ, ಒಂದು ರೋಲಿನ ಎಡಗಾಲು ಇನ್ನೊಂದರ ಬಲಗಾಲಿಗೆ ಸೇರುತ್ತದೆ. ಆದರೆ ಮಾತು ಕೇಳುವವರು ಮನೆಯಲ್ಲಿ ಕೂತು ಹೊಲಿದುಕೊಡುವ ಹೆಣ್ಣುಮಕ್ಕಳು. ಪೀಸ್ ರೇಟಿನಲ್ಲಿ ದುಡಿಯುವವರಿಗೆ ಇದು ಅನ್ಯಾಯ, ಅವರ ಕೈಯಲ್ಲಿ ತಪ್ಪೇ ಇಲ್ಲ.

ದಾರಿಗಳು
ಒಂದು, ಪ್ರತಿ ಪದರಕ್ಕೂ ನಂಬರ್ ಸ್ಟಿಕ್ಕರ್ ಅಂಟಿಸುವುದು. ಇದು ಪಕ್ಕಾ ಕೆಲಸ. ಆದರೆ ಅದಕ್ಕೇ ಒಬ್ಬ ಹೆಲ್ಪರ್ ಬೇಕು, ಸಂಬಳವೇ ತಿಂಗಳಿಗೆ ₹14,000. ನಂಬರ್ ನೋಡಿ ಜೋಡಿಸುವಾಗ ಹೊಲಿಗೆಯೂ ನಿಧಾನವಾಗುತ್ತದೆ.

ಎರಡು, ಒಂದೇ ಲಾಟಿನ ಬಟ್ಟೆ ಮಾತ್ರ ಕೊಳ್ಳುವುದು. ಅದಕ್ಕೆ ಒಮ್ಮೆಗೇ ಜಾಸ್ತಿ ಮಾಲು ಎತ್ತಬೇಕು. ಅಷ್ಟು ದುಡ್ಡು ಗೋಡೌನಲ್ಲಿ ಸುಮ್ನೆ ಕೂರಿಸುವುದು ನಮಗೆ ಆಗದ ಮಾತು.

ಮೂರು, ನಾನು ಕೇಳುತ್ತಿರುವುದು. ಪ್ರತಿ ರೋಲಿನ ತುದಿಯಿಂದ 20 ಸೆಂ.ಮೀ. ಪಟ್ಟಿ ಕತ್ತರಿಸಿ, ಹಿಂದೆ ರೋಲ್ ನಂಬರ್ ಬರೆದು, ಎಲ್ಲವನ್ನೂ ಕೌದಿಯಂತೆ ಜೋಡಿಸಿ ಹೊಲಿಯುವುದು. ಆರ್ಡರಿಗೆ ಹೇಳಿದ ವಾಶ್ ಅನ್ನೇ ಅದಕ್ಕೂ ಕೊಡಬೇಕು. ಒಣಗಿದ ಮೇಲೆ ಟ್ಯೂಬ್‌ಲೈಟ್ ಕೆಳಗಲ್ಲ, ಬಾಗಿಲ ಬೆಳಕಿನಲ್ಲಿ ನೋಡಿ ಎ, ಬಿ, ಸಿ ಎಂದು ಗುಂಪು ಮಾಡುವುದು. ಒಂದು ಲೇನಲ್ಲಿ ಒಂದೇ ಗುಂಪು.

ಖರ್ಚು (ತಿಂಗಳಿಗೆ)
95 ರೋಲಿಗೆ 19 ಮೀಟರ್ ಬಟ್ಟೆ, ಮೀಟರಿಗೆ ₹180ರಂತೆ: ₹3,420
ವಾರಕ್ಕೊಂದು ಪರೀಕ್ಷಾ ವಾಶ್, ₹300ರಂತೆ ನಾಲ್ಕು: ₹1,200
ಹೆಲ್ಪರ್ ಓವರ್‌ಟೈಮ್: ₹2,000
ಒಟ್ಟು: ₹6,620

ದುಡ್ಡಿಗಿಂತ ದೊಡ್ಡ ಖರ್ಚು ಸಮಯದ್ದು. ಬಟ್ಟೆ ಬಂದ ದಿನವೇ ಕಟಿಂಗ್ ಆಗುವುದಿಲ್ಲ, ಒಂದು ದಿನ ಕಾಯಬೇಕು. ಹಾಗಾಗಿ ಖರೀದಿ ಒಂದು ದಿನ ಮುಂಚೆ ಆಗಲೇಬೇಕು. ಇದರಿಂದ 140 ಪೀಸೂ ಉಳಿಯುತ್ತವೆ ಎಂದು ಹೇಳಲಾರೆ. ಅರ್ಧ ಉಳಿದರೂ ₹8,400 ಆಯಿತು, ಖರ್ಚು ಹುಟ್ಟುತ್ತದೆ ಅಲ್ವಾ?

ಕೋರಿಕೆ
ಶುಕ್ರವಾರದೊಳಗೆ ಒಪ್ಪಿಗೆ ಕೊಟ್ಟರೆ ಮುಂದಿನ ಸೋಮವಾರ ಬರುವ ಮಾಲಿನಿಂದಲೇ ಶುರು ಮಾಡುತ್ತೇವೆ. ಈಗಾಗಲೇ ಟೇಬಲ್ ಮೇಲಿರುವ ದೀಪಾವಳಿ ಆರ್ಡರ್ ನಿಲ್ಲಿಸುವುದಿಲ್ಲ. ಗುಂಪು ಮಾಡುವ ಕೆಲಸ ಕಟಿಂಗ್ ಮಾಸ್ಟರದ್ದು, ರಿಜಿಸ್ಟರ್ ನನ್ನದು. ಎರಡು ತಿಂಗಳ ಲೆಕ್ಕ ನಿಮ್ಮ ಮುಂದೆ ಇಡುತ್ತೇನೆ. ಅಲ್ಲಿಯವರೆಗೆ ಶೇಡ್ ತಪ್ಪಿದ ಪೀಸಿಗೆ ಹೊಲಿಗೆಯವರ ಕೂಲಿ ಹಿಡಿಯಬಾರದು ಎಂದು ವಿನಂತಿ.